ಬ್ರೇಕ್‌ಡೌನ್ ಶೀಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಸುತ್ತಮುತ್ತ ಕಿರುಚಿತ್ರ ಮಾಡುವ ಹುಡುಗರು ಫೋನಿನಲ್ಲಿ, ಪತ್ರದಲ್ಲಿ, ಟೀ ಅಂಗಡಿಯಲ್ಲಿ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗೆ ನಾವೇ ಮಾಡಿದ ಒಂದು ಕಿರುಚಿತ್ರ ತೆಗೆದುಕೊಂಡಿದ್ದೇನೆ. ಅದು 22 ಪುಟದ ಸ್ಕ್ರಿಪ್ಟ್, 31 ದೃಶ್ಯ. ಟೊಮೆಟೊ ಬೆಳೆಗಾರ ಮುನಿಯಪ್ಪ, ಅವನ ಮೊಮ್ಮಗಳು ಚೈತ್ರಾ, ಒಂದು ಮಂಡಿ, ಅಷ್ಟೇ ಕತೆ.

## ಶುರುವಿನ ಪ್ರಶ್ನೆಗಳು

ಸ್ಕ್ರಿಪ್ಟ್ ಕೈಯಲ್ಲೇ ಇದೆಯಲ್ಲ ಸಾರ್, ಮತ್ತೆ ಈ ಬ್ರೇಕ್‌ಡೌನ್ ಶೀಟ್ ಯಾಕೆ?

ಸ್ಕ್ರಿಪ್ಟ್ ಕತೆಯ ಕ್ರಮದಲ್ಲಿರುತ್ತದೆ. ಶೂಟಿಂಗ್ ಆ ಕ್ರಮದಲ್ಲಿ ನಡೆಯೋದಿಲ್ಲ. ಮಂಡಿಯ ದೃಶ್ಯಗಳು 3, 14, 21 ಅಂತ ಚೆದುರಿಕೊಂಡಿದ್ದರೂ ಮಂಡಿಗೆ ಹೋದ ದಿನವೇ ಮೂರನ್ನೂ ಮುಗಿಸಬೇಕು. ಹಾಗೆ ಮುಗಿಸಬೇಕಾದರೆ ಪ್ರತಿ ದೃಶ್ಯಕ್ಕೆ ಯಾರು ಬೇಕು, ಏನು ಬೇಕು, ಎಲ್ಲಿ, ಯಾವ ಹೊತ್ತಲ್ಲಿ ಅನ್ನೋದನ್ನು ಬಿಡಿಸಿ ಬರೆದಿಟ್ಟಿರಬೇಕು. ಒಂದು ದೃಶ್ಯಕ್ಕೆ ಒಂದು ಹಾಳೆ. ಅದೇ ಬ್ರೇಕ್‌ಡೌನ್ ಶೀಟ್.

ಸ್ಕ್ರಿಪ್ಟಿನಲ್ಲಿ ಒಂದು ಪದದ ಕೆಳಗೆ ಗೆರೆ ಎಳೆದು ಅದನ್ನು ಶೀಟಿಗೆ ಇಳಿಸೋದಕ್ಕೆ ಟ್ಯಾಗ್ ಮಾಡೋದು ಅನ್ನುತ್ತೇವೆ. ನನ್ನ ಮಟ್ಟಿಗೆ ಟ್ಯಾಗ್ ಅಂದರೆ ಯಾರೋ ಒಬ್ಬರಿಗೆ ಹಚ್ಚಿದ ಕೆಲಸ. 'ಬನ್ನು' ಅಂತ ಟ್ಯಾಗ್ ಮಾಡಿದರೆ ಒಬ್ಬ ಹುಡುಗ ಬೆಳಿಗ್ಗೆ ಐದಕ್ಕೆ ಬನ್ನು ತಂದಿರಬೇಕು. ಯಾರಿಗೂ ಕೆಲಸ ಹುಟ್ಟಿಸದ ಪದಕ್ಕೆ ಟ್ಯಾಗ್ ಬೇಡ. 'ಆಕಾಶ' ಅಂತ ಟ್ಯಾಗ್ ಮಾಡಿದವರನ್ನೂ ನೋಡಿದ್ದೇನೆ.

ಇದನ್ನ ಡೈರೆಕ್ಟರ್ರೇ ಮಾಡಬಾರದಾ?

ಮಾಡಬಹುದು, ಆದರೆ ಒಬ್ಬರೇ ಮಾಡಬಾರದು. ಕತೆ ಬರೆದವನಿಗೆ ಎಲ್ಲವೂ ಕಣ್ಣ ಮುಂದೆ ಆಗಲೇ ಇರುತ್ತದೆ. ಹಾಗಾಗಿ ಏನೇನು ತರಬೇಕು ಅನ್ನೋದು ಹೊಳೆಯೋದೇ ಇಲ್ಲ. ಹೊರಗಿನ ಸಿನಿಮಾಗಳಲ್ಲಿ ಇದು ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಕೆಲಸ. ನಮ್ಮಲ್ಲಿ ಕೋ-ಡೈರೆಕ್ಟರೋ ಅಸೋಸಿಯೇಟೋ ಮಾಡುತ್ತಾರೆ, ಪಕ್ಕದಲ್ಲಿ ಮ್ಯಾನೇಜರ್ ಕೂತಿರುತ್ತಾರೆ. ಸಣ್ಣ ತಂಡವಾದರೆ ಕತೆಯನ್ನು ಮೊದಲ ಸಲ ಕೇಳುತ್ತಿರುವ ಒಬ್ಬರನ್ನು ಕೂರಿಸಿಕೊಳ್ಳಿ. "ಆ ಬಾಕ್ಸುಗಳು ಎಲ್ಲಿಂದ ಬಂದವು?" ಅಂತ ಅವರೇ ಕೇಳೋದು.

ಓದ್ತಾ ಓದ್ತಾನೇ ಗೆರೆ ಹಾಕ್ಕೊಂಡು ಹೋಗೋದಾ?

ಬೇಡ. ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಓದಿ. ಯಾಕಂದರೆ 5ನೇ ದೃಶ್ಯದಲ್ಲಿ ಸುಮ್ನೆ ಕಾಣಿಸಿಕೊಂಡ ಕೊಡೆ 28ನೇ ದೃಶ್ಯದಲ್ಲಿ ಮುರಿಯಬಹುದು. ಅದು ಗೊತ್ತಿದ್ದರೆ 5ರಲ್ಲೇ 'ಒಂದೇ ತರದ ಕೊಡೆ ಮೂರು' ಅಂತ ಬರೆಯುತ್ತೀರಿ. ಗೊತ್ತಿಲ್ಲದಿದ್ದರೆ ಒಂದು ಕೊಡೆ ಬರೆದು ಮುಂದೆ ಹೋಗುತ್ತೀರಿ.

ಎರಡನೇ ಓದಿಗೆ ದೃಶ್ಯಗಳಿಗೆ ನಂಬರು ಹಾಕಿ, ಪ್ರತಿ ದೃಶ್ಯದ ತಲೆಬರಹ ಸರಿ ಮಾಡಿ. ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ. ಟ್ಯಾಗ್ ಮಾಡೋದು ಮೂರನೇ ಓದಿನಿಂದ. 22 ಪುಟಕ್ಕೆ ನನಗೆ ಎರಡು ದಿನ ಹಿಡಿಯಿತು. ಅದಕ್ಕಿಂತ ಬೇಗ ಮುಗಿದರೆ ನಾನು ನನ್ನನ್ನೇ ನಂಬೋದಿಲ್ಲ.

ಶೀಟ್ ಮೇಲೆ 5/8 ಅಂತ ಇರುತ್ತಲ್ಲ, ಏನದು ಲೆಕ್ಕ?

ಒಂದು ಪುಟವನ್ನು ಎಂಟು ಭಾಗ ಮಾಡಿಕೊಂಡು ದೃಶ್ಯದ ಉದ್ದ ಬರೆಯುವ ಪದ್ಧತಿ. ಒಂದು ಭಾಗ ಅಂದರೆ ಸುಮಾರು ಒಂದು ಇಂಚು. ಎರಡೇ ಸಾಲಿನ ದೃಶ್ಯವಾದರೂ 1/8 ಅಂತಲೇ ಬರೆಯಬೇಕು, ಅದಕ್ಕಿಂತ ಕಡಿಮೆ ಇಲ್ಲ. ಒಂದು ಪುಟ ಮೂರು ಭಾಗ ಆದರೆ 1 3/8. ಒಂದು ದಿನದ ದೃಶ್ಯಗಳ ಭಾಗಗಳನ್ನು ಕೂಡಿದರೆ ಆ ದಿನ ಎಷ್ಟು ಪುಟ ತೆಗೆಯುತ್ತೇವೆ ಅನ್ನೋದು ಸಿಗುತ್ತದೆ.

ಇಲ್ಲಿ ಕನ್ನಡದವರು ಎಡವೋ ಒಂದು ಜಾಗ ಇದೆ. 'ಒಂದು ಪುಟ ಅಂದರೆ ಪರದೆಯ ಮೇಲೆ ಒಂದು ನಿಮಿಷ' ಅನ್ನುವ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ 12 ಪಾಯಿಂಟ್ ಕೊರಿಯರ್ ಅಕ್ಷರಕ್ಕೆ. ನಮ್ಮ ಫಾಂಟು, ನಮ್ಮ ಸಾಲಿನ ಅಂತರ ಬೇರೆ. ನಿಮ್ಮ ಸ್ಕ್ರಿಪ್ಟಿಗೆ ಅದು ಹೊಂದುತ್ತದಾ ಅಂತ ನೋಡಲು ಎರಡು ಮೂರು ದೃಶ್ಯ ಗಟ್ಟಿಯಾಗಿ ಓದಿ, ನಡೆಯೋದನ್ನು ನಡೆದು, ಫೋನಿನ ಸ್ಟಾಪ್‌ವಾಚಿನಲ್ಲಿ ಹಿಡಿದು ನೋಡಿ. ಆಮೇಲೂ ಒಂದು ಮಾತು ನೆನಪಿರಲಿ: ಭಾಗ ಹೇಳೋದು ದೃಶ್ಯದ ಉದ್ದ, ತೆಗೆಯಲು ಹಿಡಿಯುವ ಹೊತ್ತಲ್ಲ. ಇಬ್ಬರು ಜಗಲಿಯಲ್ಲಿ ಕೂತು ಮಾತಾಡುವ ಎರಡು ಪುಟಕ್ಕಿಂತ 'ಟೆಂಪೊ ಹಣ್ಣಿನ ಮೇಲೆ ಹತ್ತುತ್ತದೆ' ಅನ್ನುವ 1/8 ಜಾಸ್ತಿ ಹೊತ್ತು ತಿನ್ನುತ್ತದೆ.

ಯಾವುದಕ್ಕೆ ಯಾವ ಬಣ್ಣದ ಗೆರೆ?

ನಟರಿಗೆ ಕೆಂಪು, ಪ್ರಾಪರ್ಟಿಗೆ ನೇರಳೆ ಅಂತ ಹಳೇ ರೂಢಿ ಒಂದಿದೆ. ಆದರೆ ತಂಡದಿಂದ ತಂಡಕ್ಕೆ ಬದಲಾಗುತ್ತದೆ. ನಿಮ್ಮ ತಂಡದವರಿಗೆಲ್ಲ ಒಂದೇ ಬಣ್ಣ ಗೊತ್ತಿದ್ದರೆ ಸಾಕು. ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ ಅಂತ ಹೇಳಬೇಕಾದದ್ದು ಶೆಡ್ಯೂಲ್ ಪಟ್ಟಿಯ ಬಣ್ಣ. ಅಲ್ಲಿ ಸಾಮಾನ್ಯವಾಗಿ ಹಗಲು ಒಳಗೆ ಬಿಳಿ, ಹಗಲು ಹೊರಗೆ ಹಳದಿ, ರಾತ್ರಿ ಒಳಗೆ ನೀಲಿ, ರಾತ್ರಿ ಹೊರಗೆ ಹಸಿರು.

## ಟ್ಯಾಗ್ ಮಾಡುವಾಗ

ಮಾತಲ್ಲಿ ಅರ್ಥ ಆಗ್ತಿಲ್ಲ, ಒಂದು ಸೀನ್ ಇಟ್ಕೊಂಡು ಮಾಡಿ ತೋರಿಸ್ತೀರಾ?

ಇದು ನಮ್ಮ 14ನೇ ದೃಶ್ಯ, ಮೊದಲ ಕರಡಿನಲ್ಲಿ ಇದ್ದ ಹಾಗೆ:

> 14. ಹೊರಗೆ. ಟೊಮೆಟೊ ಮಂಡಿ. ಬೆಳಗಿನ ಜಾವ.
> ಮಳೆ ನಿಂತು ಸ್ವಲ್ಪ ಹೊತ್ತಾಗಿದೆ. ಹರಾಜು ಜೋರಾಗಿದೆ. ಮುನಿಯಪ್ಪ ತನ್ನ ಬಾಕ್ಸುಗಳ ಪಕ್ಕ ನಿಂತಿದ್ದಾನೆ. ಚೈತ್ರಾ (9) ಬಾಕ್ಸಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಾಳೆ. ದಲ್ಲಾಳಿ ಬೆಲೆ ಕೂಗುತ್ತಾನೆ. ಮುನಿಯಪ್ಪ ಒಂದು ಬಾಕ್ಸು ಎತ್ತಿ ನೆಲಕ್ಕೆ ಸುರಿಯುತ್ತಾನೆ. ಹಣ್ಣಿನ ಮೇಲೆ ಒಂದು ಟೆಂಪೊ ಹತ್ತಿ ಹೋಗುತ್ತದೆ. ಆಡೊಂದು ಬಂದು ಬಾಯಿ ಹಾಕುತ್ತದೆ.

ಓದೋಕೆ ಒಂದು ನಿಮಿಷ ಬೇಡ. ಈಗ ಸಾಲು ಸಾಲಾಗಿ ಬಿಡಿಸೋಣ.

'ಬೆಳಗಿನ ಜಾವ'. ಆ ಬೆಳಕು ಇರೋದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಇಷ್ಟು ಕೆಲಸ ಅಷ್ಟರಲ್ಲಿ ಮುಗಿಯೋದಿಲ್ಲ. ಹಾಗಾಗಿ ಶೀಟಿನ ಟಿಪ್ಪಣಿಯಲ್ಲಿ 'ದೂರದ ಶಾಟುಗಳು ಮಾತ್ರ ಜಾವದಲ್ಲಿ, ಹತ್ತಿರದವು ಶೆಡ್ಡಿನ ನೆರಳಲ್ಲಿ ಎಂಟರವರೆಗೆ' ಅಂತ ಬರೆದೆವು.

'ಮಳೆ ನಿಂತು'. ಮಳೆ ಬೇಡ, ಆದರೆ ನೆಲ ಒದ್ದೆ ಇರಬೇಕು. ಅಂದರೆ ನೀರಿನ ಟ್ಯಾಂಕರ್ ಒಂದು. ಜನರ ಕೈಯಲ್ಲಿ ನಾಲ್ಕಾರು ಕೊಡೆ, ತಲೆ ಮೇಲೆ ಗೋಣಿಚೀಲದ ಕೊಪ್ಪೆ. ಇವು ಸ್ಕ್ರಿಪ್ಟಿನಲ್ಲಿ ಇಲ್ಲ, ಆದರೂ ಶೀಟಿಗೆ ಬಂದವು.

'ಹರಾಜು ಜೋರಾಗಿದೆ'. ಮೂರಕ್ಷರದ ಈ ಹರಾಜು ನಮ್ಮ ಪಾಲಿಗೆ 25 ಜನ ಜೂನಿಯರ್ಸ್, ಅಂದರೆ ಮಾತಿಲ್ಲದೆ ಗುಂಪಿನಲ್ಲಿ ಕಾಣಿಸಿಕೊಳ್ಳುವವರು. ಬರೀ '25 ಜನ' ಅಂತ ಬರೆದರೆ ಮ್ಯಾನೇಜರ್ 25 ಜನ ಕಾಲೇಜು ಹುಡುಗರನ್ನು ಕರೆದು ತರುತ್ತಾನೆ. 'ಹಮಾಲಿ 6, ರೈತರು 12, ಖರೀದಿಯವರು 5, ಬರೆದುಕೊಳ್ಳುವ ಗುಮಾಸ್ತ 2' ಅಂತ ಒಡೆದು ಬರೆದೆವು. ಗುಮಾಸ್ತನ ಕೈಗೆ ಪುಸ್ತಕ, ಪೆನ್ನು.

'ದಲ್ಲಾಳಿ ಬೆಲೆ ಕೂಗುತ್ತಾನೆ'. ಇವನು ನಟ, ಜೂನಿಯರ್ ಅಲ್ಲ. ಮಾತಿದೆ. ಅದೂ ಕೋಲಾರದ ಮಂಡಿಯ ಕೂಗು. ಕನ್ನಡ ತೆಲುಗು ಎರಡೂ ಬೆರೆತಿರುತ್ತದೆ, ಒಂದು ಲಯ ಇರುತ್ತದೆ. ನಟರ ಕಾಲಮ್ಮಿನ ಪಕ್ಕ 'ಹರಾಜು ಕೂಗಲು ಕಲಿಯಬೇಕು, ಶೂಟಿಂಗಿಗೆ ಮುಂಚೆ ಎರಡು ಬೆಳಿಗ್ಗೆ ಮಂಡಿಗೆ' ಅಂತ ಬರೆದೆವು. ಅದಕ್ಕೂ ಬಾಟಾ ಇದೆ, ಬಸ್ ಚಾರ್ಜ್ ಇದೆ.

'ಬಾಕ್ಸು ಎತ್ತಿ ಸುರಿಯುತ್ತಾನೆ'. ಮಂಡಿಯ ಬಾಕ್ಸಿನಲ್ಲಿ 15 ಕೆಜಿ ಹಣ್ಣು. ನಮ್ಮ ನಟರಿಗೆ 60 ದಾಟಿತ್ತು. ಐದು ಸಲ 15 ಕೆಜಿ ಎತ್ತಿಸೋದಾ? ಮುಖ ಕಾಣುವ ಶಾಟಿಗೆ ಕೆಳಗೆ ಹುಲ್ಲು, ಮೇಲೆ ಹಣ್ಣು ತುಂಬಿದ ಹಗುರ ಬಾಕ್ಸು. ಸುರಿಯೋದು ಕಾಣುವ ಶಾಟಿಗೆ ಮಾತ್ರ ಪೂರ್ತಿ ಬಾಕ್ಸು. ನೆಲಕ್ಕೆ ಬಿದ್ದ ಹಣ್ಣು ಪಂಚೆಗೆ ಸಿಡಿಯುತ್ತದೆ, ಹಾಗಾಗಿ ಕಾಸ್ಟ್ಯೂಮಿನಲ್ಲಿ 'ಒಂದೇ ಅಂಚಿನ ಪಂಚೆ ಮೂರು'.

'ಟೆಂಪೊ ಹತ್ತಿ ಹೋಗುತ್ತದೆ'. ವಾಹನ ಒಂದು, ಓಡಿಸಲು ಬರುವ ಡ್ರೈವರ್ ಒಬ್ಬ. ಟಿಪ್ಪಣಿ: 'ಟೆಂಪೊ ಚಲಿಸುವ ಶಾಟಿನಲ್ಲಿ ಮಗು ಜಾಗದಲ್ಲಿ ಇರಬಾರದು, ಅವಳ ಮುಖ ಬೇರೆ ತೆಗೆಯಿರಿ'. ನೆಲ ಒದ್ದೆ, ಮೇಲೆ ಟೊಮೆಟೊ ರಸ, ಅಲ್ಲಿ ಬ್ರೇಕು ಹಿಡಿಯೋದಿಲ್ಲ.

ಆಡಿನ ಕತೆ ಮುಂದೆ ಹೇಳುತ್ತೇನೆ. ಕೊನೆಗೆ ಹಾಳೆಯ ಮೇಲೆ: ದೃಶ್ಯ 14, ಹೊರಗೆ, ಜಾವ, 5/8 ಪುಟ, ಕತೆಯ ದಿನ 3, ನಟರು 1, 2, 5. ಕತೆಯ ದಿನ ಅಂದರೆ ಕತೆಯೊಳಗೆ ಅದು ಎಷ್ಟನೇ ದಿನ ಅನ್ನೋದು, ಶೂಟಿಂಗ್ ದಿನ ಅಲ್ಲ. ಪ್ರತಿ ನಟರಿಗೂ ಒಂದೊಂದು ನಂಬರು ಕೊಟ್ಟಿರುತ್ತೇವೆ, ಮುನಿಯಪ್ಪ ಎಲ್ಲ ದೃಶ್ಯದಲ್ಲೂ 1.

ಪ್ರಾಪರ್ಟಿ ಯಾವುದು, ಸೆಟ್ ಸಾಮಾನು ಯಾವುದು? ಪ್ರತಿ ಸಲ ಜಗಳ ಆಗುತ್ತೆ.

ಪಾತ್ರ ಕೈಯಲ್ಲಿ ಹಿಡಿದು ಬಳಸಿದರೆ ಪ್ರಾಪರ್ಟಿ. ಹಿಂದೆ ಸುಮ್ನೆ ಇದ್ದರೆ ಸೆಟ್ ಸಾಮಾನು. ಮೈಮೇಲಿದ್ದರೆ ಕಾಸ್ಟ್ಯೂಮ್. ಮುನಿಯಪ್ಪ ಎತ್ತುವ ಬಾಕ್ಸು ಪ್ರಾಪರ್ಟಿ, ಹಿಂದೆ ಪೇರಿಸಿಟ್ಟ 60 ಬಾಕ್ಸು ಸೆಟ್ ಸಾಮಾನು. ಹೆಗಲ ಮೇಲಿನ ಟವೆಲ್ ಕಾಸ್ಟ್ಯೂಮ್. ಅದೇ ಟವೆಲಿನಲ್ಲಿ ದುಡ್ಡು ಕಟ್ಟಿಕೊಂಡರೆ? ಟವೆಲ್ ಕಾಸ್ಟ್ಯೂಮ್ ಆಗಿಯೇ ಇರಲಿ, ದುಡ್ಡಿನ ಗಂಟು ಪ್ರಾಪರ್ಟಿ.

ಗೊತ್ತಾಗದಿದ್ದರೆ ಒಂದೇ ಪ್ರಶ್ನೆ ಕೇಳಿ: ಇದನ್ನು ತರೋದು ಯಾರು? ತರುವವರ ಕಾಲಮ್ಮಿಗೆ ಹಾಕಿ. ಎರಡು ಕಡೆ ಬರೆದರೆ ಇಬ್ಬರೂ 'ಅವರು ತರ್ತಾರೆ' ಅಂತ ಸುಮ್ಮನಾಗುತ್ತಾರೆ.

ಬರೆದಿರೋದನ್ನ ಟ್ಯಾಗ್ ಮಾಡ್ತೀವಿ. ಬರೆದಿಲ್ಲದ್ದು ಗೊತ್ತಾಗೋದು ಹೇಗೆ?

ಇದಕ್ಕೆ ನಾನು ಪೆಟ್ಟು ತಿಂದೇ ಕಲಿತದ್ದು. ಮುಳಬಾಗಿಲಿನ ಹತ್ತಿರ ಒಂದು ಮನೆಯಲ್ಲಿ ಬೇರೊಂದು ಕಿರುಚಿತ್ರ ತೆಗೆಯುತ್ತಿದ್ದೆವು. ಸ್ಕ್ರಿಪ್ಟಿನಲ್ಲಿ 'ಗೋಡೆಯ ಮೇಲೆ ಹಾರ ಹಾಕಿದ ಗಂಡನ ಫೋಟೊ' ಅಂತ ಇತ್ತು. ನಾನು ಚೆನ್ನಾಗಿಯೇ ಟ್ಯಾಗ್ ಮಾಡಿದ್ದೆ. ಸೆಟ್ ಸಾಮಾನು: ಫೋಟೊ ಫ್ರೇಮ್ 1, ಹಾರ 1. ಆರ್ಟ್‌ನವರು ಫ್ರೇಮ್ ತಂದರು, ಹಾರ ತಂದರು. ಮೊದಲ ದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಫ್ರೇಮ್ ಖಾಲಿ. ಗಂಡನ ಪಾತ್ರ ಮಾಡುವವರು ಫ್ಲ್ಯಾಶ್‌ಬ್ಯಾಕ್ ದೃಶ್ಯಕ್ಕೆ ಬರೋದು ನಾಲ್ಕನೇ ದಿನ! ಅವರ ಫೋಟೊ ತೆಗೆದಿರಲೇ ಇಲ್ಲ. ಆ ಗೋಡೆ ಕಾಣದ ಹಾಗೆ ಕ್ಯಾಮೆರಾ ಇಟ್ಟು ಆ ದಿನ ತಳ್ಳಿದೆವು. ಗೋಡೆ ಕಾಣಲೇಬೇಕಾದ ಎರಡು ಶಾಟಿಗೆ ಐದನೇ ದಿನ ಮತ್ತೆ ಅದೇ ಮನೆ, ಅದೇ ಸೀರೆ, ಅದೇ ಲೈಟು. ಅರ್ಧ ದಿನ ಹೋಯಿತು.

ಫ್ರೇಮ್ ಅನ್ನೋದು ಸಾಮಾನಾಗಿತ್ತು, ಅದರೊಳಗೆ ಒಬ್ಬ ನಟ ಇದ್ದ. ಅದೇ ಥರ ಫೋನಿನ ಪರದೆ ಕಂಡರೆ ಅದರಲ್ಲಿ ಮೊದಲೇ ತೆಗೆದಿಟ್ಟ ಮೆಸೇಜೋ ವಿಡಿಯೊವೋ ಇರಬೇಕು. ಪತ್ರ ಓದಿದರೆ ಅದನ್ನು ಯಾರೋ ಕೈಯಲ್ಲಿ ಬರೆದಿರಬೇಕು, ಆ ಬರವಣಿಗೆ ಪಾತ್ರದ್ದಾಗಿರಬೇಕು. ಈಗ ನಾನು ಪ್ರತಿ ಟ್ಯಾಗಿಗೂ 'ಇದು ಶೂಟಿಂಗಿಗೆ ಮುಂಚೆ ಇನ್ನೊಂದು ಶೂಟಿಂಗ್ ಕೇಳುತ್ತದಾ?' ಅಂತ ಕೇಳಿಕೊಳ್ಳುತ್ತೇನೆ. ಕೇಳಿದರೆ ಶೀಟಿನ ಮೇಲ್ಭಾಗದಲ್ಲೇ ಕೆಂಪಲ್ಲಿ 'ಮೊದಲೇ' ಅಂತ ಬರೆಯುತ್ತೇನೆ.

ಮಳೆ, ಹೊಗೆ, ಬೆಂಕಿ ಎಲ್ಲ ಎಫೆಕ್ಟ್ ಅಂತ ಒಂದೇ ಕಡೆ ಬರೆದ್ರೆ ಸಾಕಾ?

ಸಾಲದು. ಜಾಗದಲ್ಲೇ, ಕ್ಯಾಮೆರಾ ಮುಂದೆ ಆಗುವ ಎಫೆಕ್ಟ್ ಬೇರೆ. ಆಮೇಲೆ ಕಂಪ್ಯೂಟರಿನಲ್ಲಿ ಮಾಡುವ ಎಫೆಕ್ಟ್ ಬೇರೆ. ಮೊದಲನೆಯದರ ದುಡ್ಡು ಶೂಟಿಂಗ್ ದಿನಕ್ಕೆ ಸೇರುತ್ತದೆ, ಎರಡನೆಯದು ಎಡಿಟಿಂಗ್ ಮುಗಿದ ಮೇಲಿನ ಬಿಲ್ಲಿಗೆ. ನಮ್ಮ ಒದ್ದೆ ನೆಲ ಮೊದಲನೆಯದು. ದೂರದಲ್ಲಿ ಕಾಣುವ ಫ್ಲೆಕ್ಸ್ ಮೇಲಿನ ಮುಖ ಅಳಿಸೋದು ಎರಡನೆಯದು.

ಎರಡೂ ಬೇಕಾಗುವ ದೃಶ್ಯಗಳೂ ಇವೆ. ಒಲೆಯ ಹೊಗೆ ಜಾಗದಲ್ಲೇ ಹಾಕಿ, ಗುಡಿಸಲು ಹೊತ್ತಿದ ಬೆಂಕಿ ಮಾತ್ರ ಕಂಪ್ಯೂಟರಿನಲ್ಲಿ ಅಂದರೆ ಎರಡು ಟ್ಯಾಗ್ ಹಾಕಿ. 'ಆಮೇಲೆ ನೋಡ್ಕೊಳ್ಳೋಣ' ಅಂತ ಡೈರೆಕ್ಟರ್ ಹೇಳಿದ ಎಲ್ಲವೂ ಎರಡನೇ ಕಾಲಮ್ಮಿಗೆ ಹೋಗುತ್ತದೆ, ಪಕ್ಕದಲ್ಲಿ ಶಾಟುಗಳ ಸಂಖ್ಯೆ ಬರೆಯಿರಿ. ಪ್ರೊಡ್ಯೂಸರ್ ಕೇಳೋದು ಆ ಸಂಖ್ಯೆಯನ್ನೇ.

ಲೊಕೇಶನ್ ಟ್ಯಾಗ್ ಏನಿದೆ ಕಷ್ಟ? ಜಾಗದ ಹೆಸರು ಬರೆದ್ರಾಯ್ತಲ್ವಾ?

ಬರೆಯಬೇಕಾದ್ದು ಎರಡು ಹೆಸರು. ಕತೆಯಲ್ಲಿನ ಜಾಗ ಒಂದು, ನಿಜವಾಗಿ ತೆಗೆಯುವ ಜಾಗ ಇನ್ನೊಂದು. ನಮ್ಮ ಕತೆಯಲ್ಲಿ ಬ್ಯಾಂಕು, ಶಾಲೆಯ ಕೊಠಡಿ, ಆಸ್ಪತ್ರೆಯ ಓಣಿ ಇದ್ದವು. ಮೂರೂ ಮಾಲೂರಿನ ಒಂದೇ ಕಟ್ಟಡದಲ್ಲಿ ಸಿಕ್ಕವು. ಕತೆಯ ಹೆಸರಿನಲ್ಲಿ ಜೋಡಿಸಿದರೆ ಮೂರು ದಿನ, ನಿಜವಾದ ಜಾಗದಲ್ಲಿ ಜೋಡಿಸಿದರೆ ಒಂದೇ ದಿನ.

ಇನ್ನೊಂದು ತೊಂದರೆ ಹೆಸರಿನದು. ಬರೆದವರು ಒಂದು ಕಡೆ 'ಮುನಿಯಪ್ಪನ ಮನೆ' ಅಂತಾರೆ, ಇನ್ನೊಂದು ಕಡೆ 'ಅಜ್ಜನ ಮನೆ', ಮತ್ತೊಂದು ಕಡೆ 'ಹಳ್ಳಿ ಮನೆ'. ಶೀಟಿಗೆ ಅದು ಮೂರು ಮನೆ. 'ಮುನಿಯಪ್ಪನ ಮನೆ, ಪಡಸಾಲೆ', 'ಮುನಿಯಪ್ಪನ ಮನೆ, ಅಂಗಳ' ಅಂತ ದೊಡ್ಡ ಹೆಸರು ಮೊದಲು, ಚಿಕ್ಕದು ಆಮೇಲೆ ಬರೆದರೆ ಎಲ್ಲ ಒಟ್ಟಿಗೆ ಕೂರುತ್ತವೆ.

ಅನುಮತಿ ಯಾರದ್ದು ಅನ್ನೋದನ್ನೂ ಲೊಕೇಶನ್ ಟ್ಯಾಗಿನ ಕೆಳಗೇ ಬರೆಯಿರಿ. ಮಂಡಿಗೆ ಮಾರುಕಟ್ಟೆ ಸಮಿತಿ. ನಂದಿ ಬೆಟ್ಟದ ಕೆಳಗಿನ ಭೋಗನಂದೀಶ್ವರ ದೇವಸ್ಥಾನ ಬೇಕು ಅಂದರೆ ಅದು ಕೇಂದ್ರದ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಪೂಜಾರರನ್ನು ಕೇಳಿದರೆ ಸಾಲದು. 'ಪ್ರಾಚೀನ ಕಲ್ಲಿನ ಮಂಟಪ' ಅಂತ ಬರೆದ ಒಂದು ಸಾಲು ಯಾವ ಕಚೇರಿಯ ಬಾಗಿಲಿಗೆ ಕಳಿಸುತ್ತದೆ ಅಂತ ಶೀಟಿನಲ್ಲಿ ಕಾಣಬೇಕು.

## ಶೆಡ್ಯೂಲು, ಬಜೆಟ್ಟು

ಸೀನಲ್ಲಿ ಮಗು ಇದೆ, ಒಂದು ಆಡೂ ಇದೆ. ಸುಮ್ನೆ ಬರೆದುಬಿಟ್ರೆ ಆಗಲ್ವಾ?

ಮಗುವಿಗೆ ನಾನು ಬೇರೆಯೇ ಟ್ಯಾಗ್ ಇಟ್ಟಿದ್ದೇನೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಬಿಡುವು ಕೊಡದೆ ಮೂರು ಗಂಟೆ ದಾಟುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಯವರ ಅನುಮತಿ ಮೊದಲೇ ಪಡೆಯಬೇಕು. ಸಂಭಾವನೆಯ ಕನಿಷ್ಠ 20 ಭಾಗ, ಅಂದರೆ ನೂರಕ್ಕೆ ಇಪ್ಪತ್ತು, ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಇದು ಶೆಡ್ಯೂಲನ್ನು ಹೇಗೆ ತಿರುಗಿಸುತ್ತದೆ ನೋಡಿ. ಚೈತ್ರಾ 31ರಲ್ಲಿ 17 ದೃಶ್ಯಗಳಲ್ಲಿ ಇದ್ದಳು. ದೊಡ್ಡವರ ಲೆಕ್ಕದಲ್ಲಿ ಅದು ಮೂರು ದಿನದ ಕೆಲಸ. ಐದು ಗಂಟೆಯ ಲೆಕ್ಕದಲ್ಲಿ ಐದು ದಿನಕ್ಕೆ ಹರಡಿತು. ಹಾಗಾಗಿ ಪ್ರತಿ ದಿನ ಅವಳ ಶಾಟುಗಳು ಮೊದಲು, ಅವಳು ಹೋದ ಮೇಲೆ ದೊಡ್ಡವರದ್ದು. ಶೀಟಿನಲ್ಲಿ 'ಚೈತ್ರಾ' ಅಂತ ಮಾತ್ರ ಇದ್ದಿದ್ದರೆ ಇದು ಮೂರನೇ ದಿನ ಸಂಜೆ ಗೊತ್ತಾಗುತ್ತಿತ್ತು.

ಇನ್ನು ಆಡು. ಸಿನಿಮಾದಲ್ಲಿ ಪ್ರಾಣಿಯನ್ನು ಬಳಸಬೇಕಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗಿಗೆ ಮೊದಲೇ ಬೇಕು. ಸೆನ್ಸಾರಿಗೆ ಹೋಗುವಾಗ ಮಂಡಳಿಯ ಪ್ರಮಾಣಪತ್ರ ಕೇಳುತ್ತಾರೆ. ನಮ್ಮ ಊರ ಆಡು, ನಮ್ಮ ಮಾವನ ಆಡು ಅನ್ನೋದು ಅಲ್ಲಿ ನಡೆಯೋದಿಲ್ಲ. ನಾನು ಶೀಟನ್ನು ಡೈರೆಕ್ಟರ್ ಮುಂದಿಟ್ಟು ಆಡಿನ ಟ್ಯಾಗ್ ಎದುರಿಗೆ ಅರ್ಜಿ, ಕಾಯುವ ದಿನ, ಪ್ರಾಣಿಯ ಸಾಗಣೆ, ಪಶುವೈದ್ಯರು ಅಂತ ಬರೆದು ತೋರಿಸಿದೆ. ಅವರು ಒಂದು ನಿಮಿಷ ನೋಡಿದರು. ಆಡು ಹೋಯಿತು. ಆ ಜಾಗಕ್ಕೆ ಚೈತ್ರಾ ಕೆಳಗಿಳಿದು ಒಡೆಯದ ಒಂದು ಹಣ್ಣು ಎತ್ತಿಕೊಳ್ಳುತ್ತಾಳೆ ಅಂತ ಬಂತು. ನನಗೆ ಆಡಿಗಿಂತ ಇದೇ ಚೆನ್ನಾಗಿ ಕಾಣುತ್ತದೆ.

ಟ್ಯಾಗ್ ಎಲ್ಲ ಮುಗೀತು. ಇದ್ರಿಂದ ಎಷ್ಟು ದಿನ ಅಂತ ಹೇಗೆ ಹೇಳೋದು?

ಶೀಟುಗಳನ್ನು ಮೊದಲು ನಿಜವಾದ ಜಾಗದ ಪ್ರಕಾರ ಗುಂಪು ಮಾಡಿ. ಆಮೇಲೆ ಹಗಲು, ರಾತ್ರಿ. ಆಮೇಲೆ ನಟರು. ಒಂದು ದಿನಕ್ಕೆ ಎಷ್ಟು ಪುಟ ಅನ್ನೋದು ನಿಮ್ಮ ತಂಡದ ಕೈ ನೋಡಿ ಹೇಳಬೇಕು. ನಮ್ಮದು ದಿನಕ್ಕೆ ಮೂರರಿಂದ ನಾಲ್ಕು ಪುಟದ ತಂಡ, ಹಾಗಾಗಿ 22 ಪುಟಕ್ಕೆ ಏಳು ದಿನ ಹಾಕಿದೆವು. ಮಂಡಿಯ ದಿನಕ್ಕೆ ಮಾತ್ರ ಎರಡೇ ಪುಟ.

ದಲ್ಲಾಳಿಯ ಉದಾಹರಣೆ ನೋಡಿ. ಅವನು ಇದ್ದದ್ದು 14, 21, 27, ಮೂರೇ ದೃಶ್ಯ. 14 ಮತ್ತು 21 ಮಂಡಿಯಲ್ಲಿ, 27 ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಮಂಡಿ ಎರಡನೇ ದಿನ, ಟೀ ಅಂಗಡಿ ಆರನೇ ದಿನ. 27ರಲ್ಲಿ ಅವನ ಮಾತು ಎರಡೇ ಸಾಲು. ಆ ಎರಡು ಸಾಲಿಗೆ ಇನ್ನೊಂದು ದಿನದ ಸಂಭಾವನೆ, ಬಾಟಾ, ಬೆಂಗಳೂರಿಂದ ಕಾರು. 'ಟೀ ಅಂಗಡಿಯನ್ನು ಮಂಡಿಯ ಗೇಟಿನ ಹತ್ತಿರದ ಟೀ ಗಾಡಿ ಮಾಡಬಹುದಾ?' ಅಂತ ಕೇಳಿದೆವು. ಮಾಡಬಹುದು ಅಂದರು. ಎರಡು ದಿನದ ನಟ ಒಂದೇ ದಿನದಲ್ಲಿ ಮುಗಿದ. ನಟರ ನಂಬರನ್ನು ಎಡಕ್ಕೆ, ದಿನಗಳನ್ನು ಮೇಲಕ್ಕೆ ಬರೆದು ಗುರುತು ಹಾಕಿದರೆ ಇಂಥ ಒಂಟಿ ಗುರುತುಗಳು ತಾವೇ ಎದ್ದು ಕಾಣುತ್ತವೆ.

ಬಜೆಟ್ಟಿಗೆ ಶೀಟಲ್ಲೇ ರೇಟ್ ಬರೆಯಬೇಕಾ?

ಶೀಟಿನಲ್ಲಿ ಎಷ್ಟು ಬೇಕು ಅಂತ ಬರೆಯಿರಿ, ರೇಟು ಬೇಡ. ಕಾರಣಕ್ಕೆ ಟೊಮೆಟೊ ಸಾಕು. ಸುರಿಯುವ ಶಾಟಿಗೆ ಒಂದು ರಿಹರ್ಸಲ್, ನಾಲ್ಕು ಟೇಕ್ ಅಂತ ಐದು ಬಾಕ್ಸು. ಟೆಂಪೊ ಹತ್ತುವ ಶಾಟಿಗೆ ಮೂರು ಟೇಕ್, ಮೂರು ಬಾಕ್ಸು. ಹಿಂದಿನ 60 ಬಾಕ್ಸುಗಳಲ್ಲಿ ಮೇಲಿನ ಪದರ ಮಾತ್ರ ಹಣ್ಣು, ಅದಕ್ಕೆ ಒಟ್ಟು ಹನ್ನೆರಡು ಬಾಕ್ಸಿನಷ್ಟು. ಎಲ್ಲ ಸೇರಿ 20 ಬಾಕ್ಸು. ಬಾಕ್ಸು 300 ರೂಪಾಯಿ ಇದ್ದಾಗ 6,000. ಆದರೆ 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ ಬಾಕ್ಸು 2,000 ದಾಟಿತ್ತು. ಆ ರೇಟಿಗೆ ಇದೇ ದೃಶ್ಯಕ್ಕೆ 40,000. 20 ಬಾಕ್ಸು ಅನ್ನೋದು ಬದಲಾಗಲಿಲ್ಲ, ರೇಟು ಬದಲಾಯಿತು. ಹಾಗಾಗಿ ರೇಟು ಬಜೆಟ್ ಹಾಳೆಯಲ್ಲಿರಲಿ, ಅದನ್ನು ಶೂಟಿಂಗ್ ವಾರ ಮತ್ತೆ ನೋಡಲಿ.

ಇನ್ನೊಂದು ಮಾತು. ತುಳಿಸಿಕೊಳ್ಳುವ ಹಣ್ಣು ಒಳ್ಳೆಯದಾಗಿರಬೇಕಿಲ್ಲ. 'ಸುರಿಯಲು: ಮಾಗಿ ಮೆತ್ತಗಾದದ್ದು, 8 ಬಾಕ್ಸು. ತೋರಿಸಲು: ಗಟ್ಟಿ ಕೆಂಪು, 12 ಬಾಕ್ಸು' ಅಂತ ಟ್ಯಾಗನ್ನೇ ಎರಡು ಮಾಡಿದೆವು. ತೋರಿಸಲು ತಂದದ್ದನ್ನು ಸಂಜೆ ಯೂನಿಟ್ಟಿನವರೇ ಚೀಲ ತುಂಬಿಕೊಂಡು ಹೋದರು.

ಸ್ಕ್ರಿಪ್ಟ್ ದಿನಾ ಬದಲಾಗುತ್ತೆ. ಪ್ರತಿ ಸಲ ಶೀಟ್ ಮೊದಲಿಂದ ಮಾಡಬೇಕಾ?

ಒಂದು ದಿನ ನೋಡಿ ದೃಶ್ಯದ ನಂಬರುಗಳನ್ನು ಬೀಗ ಹಾಕಿಬಿಡಿ. ಆಮೇಲೆ 14 ಮತ್ತು 15ರ ಮಧ್ಯೆ ಹೊಸದು ಬಂದರೆ ಅದು 14ಎ. 19ನ್ನು ತೆಗೆದರೆ ನಂಬರು ಉಳಿಸಿ '19, ತೆಗೆದಿದೆ' ಅಂತ ಬರೆಯಿರಿ, 20ನ್ನು 19 ಮಾಡಬೇಡಿ. ಮಾಡಿದರೆ ಕಾಸ್ಟ್ಯೂಮರ್ ಹತ್ತಿರ ಹಳೇ 20, ಕ್ಯಾಮೆರಾದವರ ಹತ್ತಿರ ಹೊಸ 20. ಪಂಚೆಯ ಮೇಲಿನ ಕಲೆ ತಪ್ಪು ದೃಶ್ಯದಲ್ಲಿ ಕಾಣಿಸಿಕೊಳ್ಳುತ್ತದೆ. ಕಲೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ: 14ರಲ್ಲಿ ಕಲೆಯಾದ ಪಂಚೆ 15 ಮತ್ತು 16ರಲ್ಲೂ ಇರಬೇಕು, ಯಾಕಂದರೆ ಮೂರೂ ಕತೆಯ ದಿನ 3. ಶೀಟಿನಲ್ಲಿ ಕತೆಯ ದಿನ ಬರೆಯೋದು ಇದಕ್ಕೇ. 16ನ್ನು ನಾವು ಮಂಡಿಗಿಂತ ಒಂದು ದಿನ ಮುಂಚೆಯೇ ತೆಗೆದೆವು, ಕಲೆಯನ್ನು ಅಂದಾಜಿನಲ್ಲಿ ಹಚ್ಚಿ. ಫೋಟೊ ತೆಗೆದಿಟ್ಟುಕೊಂಡು ಮರುದಿನ ಸುರಿದ ಮೇಲೆ ಅದೇ ಆಕಾರಕ್ಕೆ ತಿದ್ದಿದೆವು.

ಸಾಫ್ಟ್‌ವೇರ್ ಇಲ್ದೇ ಆಗುತ್ತಾ?

ಮೂವಿ ಮ್ಯಾಜಿಕ್ ಶೆಡ್ಯೂಲಿಂಗ್, ಸ್ಟುಡಿಯೋಬೈಂಡರ್, ಸೆಲ್ಟೆಕ್ಸ್ ಅಂತ ಇವೆ. ದೊಡ್ಡ ಸಿನಿಮಾಗೆ ಬೇಕು. 31 ದೃಶ್ಯಕ್ಕೆ ಗೂಗಲ್ ಶೀಟ್ಸ್ ಸಾಕು. ಒಂದೇ ಒಂದು ಕಿವಿಮಾತು: ದೃಶ್ಯಕ್ಕೊಂದು ಸಾಲು ಮಾಡಬೇಡಿ, ಟ್ಯಾಗಿಗೊಂದು ಸಾಲು ಮಾಡಿ. ಎ ಕಾಲಮ್ಮಿನಲ್ಲಿ ದೃಶ್ಯದ ನಂಬರು, ಬಿಯಲ್ಲಿ ವಿಭಾಗ, ಸಿಯಲ್ಲಿ ಹೆಸರು, ಡಿಯಲ್ಲಿ ಎಷ್ಟು, ಇಯಲ್ಲಿ ಟಿಪ್ಪಣಿ. ಒಂದೇ ಚೌಕದಲ್ಲಿ 'ಬನ್ನು, ಬಾಕ್ಸು, ಪುಸ್ತಕ' ಅಂತ ತುಂಬಿದರೆ ಆಮೇಲೆ ಹುಡುಕೋಕೆ ಆಗೋದಿಲ್ಲ. ಬಿಡಿಬಿಡಿಯಾಗಿದ್ದರೆ ಪ್ರಾಪರ್ಟಿಯವರ ಪಟ್ಟಿ, ಚೈತ್ರಾಳ ದೃಶ್ಯಗಳು ಹೀಗೆ ಬರುತ್ತವೆ:

```
=FILTER(A2:E, B2:B="ಪ್ರಾಪರ್ಟಿ")
=UNIQUE(FILTER(A2:A, C2:C="ಚೈತ್ರಾ"))
```

ಹೆಸರು ಪ್ರತಿ ಸಲ ಒಂದೇ ಥರ ಬರೆದಿರಬೇಕು. 'ಚೈತ್ರಾ' ಮತ್ತು 'ಚೈತ್ರ' ಅದಕ್ಕೆ ಇಬ್ಬರು ಮಕ್ಕಳು. ಎರಡನೇ ಸೂತ್ರ ನಮಗೆ ಮೊದಲು 17ರ ಬದಲು 15 ದೃಶ್ಯ ತೋರಿಸಿತ್ತು, ದೀರ್ಘ ತಪ್ಪಿದ ಎರಡು ಸಾಲಿನಿಂದ.

ಶೂಟಿಂಗ್ ದಿನ ಸೆಟ್ಟಿಗೆ ಈ ಶೀಟ್ ಒಯ್ಯಬೇಕಾ, ಕಾಲ್‌ಶೀಟ್ ಸಾಕಾ?

ಎಲ್ಲರಿಗೂ ಹಂಚೋದು ಆ ದಿನದ ಕಾಲ್‌ಶೀಟ್, ಅಂದರೆ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕು ಅನ್ನುವ ಹಾಳೆ. ಬ್ರೇಕ್‌ಡೌನ್ ನನ್ನ ಕೈಯಲ್ಲಿ, ಮ್ಯಾನೇಜರ್ ಕೈಯಲ್ಲಿ. ಹಿಂದಿನ ದಿನ ರಾತ್ರಿ ಪ್ರತಿ ವಿಭಾಗದವರ ಮುಂದೆ ಶೀಟ್ ಓದುತ್ತೇನೆ, ಅವರು ವಸ್ತು ತೋರಿಸಬೇಕು. 'ಇದೆ ಅಣ್ಣಾ' ಅನ್ನೋ ಮಾತಿಗೆ ಟಿಕ್ ಹಾಕೋದಿಲ್ಲ. ಮಂಡಿಯ ಹಿಂದಿನ ರಾತ್ರಿ ಎಲ್ಲಕ್ಕೂ ಟಿಕ್ ಬಿತ್ತು, ಬನ್ನಿಗೆ ಬಿಟ್ಟು. ಬೆಳಿಗ್ಗೆ ತರ್ತೀನಿ ಅಂದ ಹುಡುಗನಿಗೆ ಐದು ಗಂಟೆಗೆ ಒಂದು ಬೇಕರಿಯೂ ತೆರೆದಿರಲಿಲ್ಲ. ಕೊನೆಗೆ ಮಂಡಿಯ ಹಮಾಲಿ ಒಬ್ಬರು ತಮ್ಮ ತಿಂಡಿಗೆ ಇಟ್ಟುಕೊಂಡಿದ್ದ ಎರಡು ಬನ್ನು ಕೊಟ್ಟರು. ಟೇಕ್ ನಾಲ್ಕು ಆಯಿತು, ಬನ್ನು ಎರಡೇ. ಸಿನಿಮಾದಲ್ಲಿ ಚೈತ್ರಾ ಅಷ್ಟು ನಿಧಾನವಾಗಿ ತಿನ್ನೋದು ಅದಕ್ಕೇ.